ನಕ್ಕಾದ ಮೇಲೆ ಏನು ಉಳೀತು?

1/6
ಹೇಮಾವತಿ ಲಿಂಕ್ ಕೆನಾಲ್ ಗಲಾಟೆ ಶುರುವಾದಾಗಿಂದ ನಮ್ಮ ತುಮಕೂರಿನ ಕಾಲೇಜುಗಳಲ್ಲಿ ಒಂದು ಹೊಸ ಗಡಿ ಎದ್ದಿದೆ. ಆ ಕಡೆ ಗುಬ್ಬಿಯವರು, ಈ ಕಡೆ ಕುಣಿಗಲ್‌ನವರು, ಮಧ್ಯದಲ್ಲಿ ಮೀಮ್. ಯಾರೋ ಒಂದು ಹಾಕ್ತಾರೆ, ಇನ್ನೊಬ್ರು "ಇದು ಸುಳ್ಳು" ಅಂತಾರೆ, ಹಾಕಿದವ್ರು "ಜೋಕ್ ಕಣೋ, ಯಾಕಿಷ್ಟು ಸೀರಿಯಸ್ ಆಗ್ತೀಯ" ಅಂತಾರೆ. ಅಲ್ಲಿಗೆ ಮಾತೂ ಮುಗೀತು, ಕೆಲವು ಸಲ ಸ್ನೇಹಾನೂ ಮುಗೀತು.

ಇವತ್ತಿನ ಕಂತು ಆ "ಜೋಕ್ ಕಣೋ" ಬಗ್ಗೆ. ಯಾವುದು ನಿಜವಾಗಲೂ ಜೋಕು, ಯಾವುದು ಜೋಕಿನ ಅಂಗಿ ಹಾಕ್ಕೊಂಡ ಆರೋಪ, ಇದನ್ನ ಗುರುತಿಸೋಕೆ ನಾನು ಒಂದೇ ಪ್ರಶ್ನೆ ಕೇಳ್ಕೋತೀನಿ: ನಕ್ಕಾದ ಮೇಲೆ ಏನು ಉಳೀತು? ಮೀಮ್‌ನಲ್ಲಿರೋ ನಗುವನ್ನ ತೆಗೆದುಬಿಡಿ. ಆಮೇಲೆ ಅದು ಹೇಳ್ತಿರೋದನ್ನ ಒಂದು ಸಪ್ಪೆ ವಾಕ್ಯದಲ್ಲಿ ಬರೀರಿ. ಬರೆಯೋಕೆ ಏನೂ ಸಿಗದಿದ್ರೆ ಅದು ಬರೀ ಜೋಕು. ಒಂದು ವಾಕ್ಯ ಸಿಕ್ತು ಅಂದ್ರೆ, ಆ ವಾಕ್ಯಕ್ಕೆ ಉತ್ತರ ಕೊಡೋ ಜವಾಬ್ದಾರಿ ಹಾಕಿದವರದ್ದೇ.

2/6
ಮೊದಲು ಸುಲಭದ್ದು ನೋಡೋಣ. "ನಿಖಿಲ್ ಎಲ್ಲಿದ್ದೀಯಪ್ಪಾ?"

2019ರ ಮಂಡ್ಯ ಲೋಕಸಭಾ ಚುನಾವಣೆ ಟೈಮಲ್ಲಿ ಇದನ್ನ ಕೇಳದ ಕಿವಿ ಕರ್ನಾಟಕದಲ್ಲಿ ಇರಲಿಲ್ಲ. ಆ ಮಾತು ಬಂದಿದ್ದು ಚುನಾವಣಾ ಪ್ರಚಾರದಲ್ಲಲ್ಲ. 2016ರಲ್ಲಿ ತೆರೆಕಂಡ 'ಜಾಗ್ವಾರ್' ಸಿನಿಮಾದ ಕಾರ್ಯಕ್ರಮದಲ್ಲಿ ಕುಮಾರಸ್ವಾಮಿಯವರು ವೇದಿಕೆ ಮೇಲಿಂದ ಮಗನನ್ನ ಹಾಗೆ ಕರೆದಿದ್ರು, ಮಗ ಜನರ ಮಧ್ಯದಿಂದ ಉತ್ತರ ಕೊಟ್ಟಿದ್ರು. ಹಳೇ ವಿಡಿಯೋ ಚುನಾವಣೆ ಟೈಮಲ್ಲಿ ಎದ್ದು ಬಂತು. ಟ್ರೇನಲ್ಲಿ, ಮದುವೆ ಮನೇಲಿ, ಪರೀಕ್ಷೆ ಹಾಲಲ್ಲಿ, ಎಲ್ಲ ಕಡೆ ನಿಖಿಲ್‌ರನ್ನ ಹುಡುಕಿದ್ದೇ ಹುಡುಕಿದ್ದು.

ನಗು ತೆಗೀರಿ. ಏನು ಉಳೀತು? ಒಬ್ಬ ಅಪ್ಪ ಮಗನನ್ನ ಕೂಗಿದ್ರು, ಅಷ್ಟೇ. ಇದರಲ್ಲಿ ನಿಖಿಲ್ ಏನೋ ತಪ್ಪು ಮಾಡಿದ್ರು ಅನ್ನೋ ಮಾತಿಲ್ಲ. ಅಪ್ಪ-ಮಗನ ರಾಜಕಾರಣವನ್ನ ಕಿಚಾಯಿಸೋ ಒಂದು ಧಾಟಿ ಇದೆ, ಆದ್ರೆ ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡೋಕೆ ಕೈಗೆ ಸಿಗೋ ವಾಕ್ಯ ಇಲ್ಲ.

ಆದ್ರೆ ಫಲಿತಾಂಶ ಬಂದ ಮೇಲೆ ಅದೇ ಮೀಮ್ ಸುತ್ತ ಹುಟ್ಟಿಕೊಂಡ ಇನ್ನೊಂದು ಮಾತು ನೋಡಿ: "ಆ ಮೀಮ್‌ನಿಂದಲೇ ನಿಖಿಲ್ ಸೋತಿದ್ದು." ಸುಮಲತಾ ಅಂಬರೀಶ್ ಗೆದ್ದಿದ್ದು 1,25,876 ಮತಗಳ ಅಂತರದಲ್ಲಿ. ಅಷ್ಟು ಮತ ಒಂದು ವಿಡಿಯೋ ತುಣುಕಿನಿಂದ ಆ ಕಡೆ ಹೋಯ್ತು ಅನ್ನೋದು ಜೋಕಲ್ಲ, ಕಾರಣ ಹೇಳ್ತಿರೋ ಗಂಭೀರ ವಾದ. ಅದಕ್ಕೆ ಸಾಕ್ಷಿ ಕೇಳಬೇಕು. ನಗ್ತಾ ಹೇಳಿದ್ರು ಅಂತ ಬಿಟ್ಟುಬಿಡೋ ಹಾಗಿಲ್ಲ.

3/6
ಈಗ ಸ್ವಲ್ಪ ಕಷ್ಟದ್ದು. ಪೇಸಿಎಂ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್‌ನವರ ಪೋಸ್ಟರ್ ಕಾಣಿಸ್ಕೊಂಡ್ತು. ಅಂಗಡಿ ಮುಂದೆ ದುಡ್ಡು ಕಟ್ಟೋಕೆ ಇಟ್ಟಿರ್ತಾರಲ್ಲ, ಅಂಥದ್ದೇ ಕ್ಯೂಆರ್ ಕೋಡ್. ಆದ್ರೆ ಅದರ ಚುಕ್ಕಿಗಳ ಮಧ್ಯೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖ, ಜೊತೆಗೆ ಇಲ್ಲಿ 40% ಸ್ವೀಕರಿಸಲಾಗುತ್ತೆ ಅನ್ನೋ ಅರ್ಥದ ಸಾಲು. ಸ್ಕ್ಯಾನ್ ಮಾಡಿದ್ರೆ ಕಾಂಗ್ರೆಸ್‌ನ ಪ್ರಚಾರದ ಜಾಲತಾಣಕ್ಕೆ ಹೋಗ್ತಿತ್ತು.

ಇದರಲ್ಲಿ ಉತ್ಪ್ರೇಕ್ಷೆ ಎಲ್ಲಿದೆ? ಮುಖ್ಯಮಂತ್ರಿ ಗೋಡೆಗೆ ಕೋಡ್ ಅಂಟಿಸಿ ಫೋನಲ್ಲಿ ಕಮಿಷನ್ ತಗೋತಾರೆ ಅನ್ನೋದ್ರಲ್ಲಿ. ಅದನ್ನ ಯಾರೂ ನಂಬಲ್ಲ, ನಂಬಲಿ ಅಂತ ಮಾಡಿದವರಿಗೂ ಇರಲಿಲ್ಲ. ಒಳ್ಳೇ ವಿಡಂಬನೆಯ ಗುರುತೇ ಇದು: ಅಕ್ಷರಶಃ ನಂಬಿಬಿಟ್ರೆ ಜೋಕು ಸತ್ತುಹೋಗುತ್ತೆ. ಅದು ಸುಳ್ಳು ಅಂತ ನಿಮಗೆ ಗೊತ್ತಿದ್ರೇನೇ ನಗು ಬರೋದು.

ಹಾಗಂತ ನಗು ತೆಗೆದ್ರೆ ಇಲ್ಲಿ ಖಾಲಿ ಉಳಿಯಲ್ಲ. "ಸರ್ಕಾರಿ ಕಾಮಗಾರಿಗಳಲ್ಲಿ 40% ಕಮಿಷನ್ ನಡೀತಿದೆ" ಅನ್ನೋ ಸಪ್ಪೆ ವಾಕ್ಯ ಉಳಿಯುತ್ತೆ. ಇದು ಪಕ್ಕಾ ಆರೋಪ. ಇದಕ್ಕೊಂದು ಮೂಲಾನೂ ಇತ್ತು: ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷರಾಗಿದ್ದ ಡಿ. ಕೆಂಪಣ್ಣನವರು 2021ರಲ್ಲೇ ಪ್ರಧಾನಿಗೆ ಪತ್ರ ಬರೆದಿದ್ರು. ಬೊಮ್ಮಾಯಿಯವರು ಆರೋಪವನ್ನ ತಳ್ಳಿಹಾಕಿದ್ರು, ಪೊಲೀಸರು ಪೋಸ್ಟರ್ ಬಗ್ಗೆ ಕೇಸ್ ಹಾಕಿ ಕೆಲವರನ್ನ ಬಂಧಿಸಿದ್ರು.

ಇಲ್ಲಿ ಎರಡು ಕಡೆಯವರೂ ಜಾರಿಕೊಳ್ಳೋ ಜಾಗ ಇದೆ, ಗಮನಿಸಿ. ವಿರೋಧಿಸೋರು "ಸಿಎಂ ಕ್ಯೂಆರ್ ಕೋಡ್ ಇಟ್ಕೊಂಡಿಲ್ಲ, ಆದ್ದರಿಂದ ಇದು ಫೇಕ್" ಅಂದ್ರೆ ಅದು ಉತ್ತರ ಅಲ್ಲ, ಯಾಕಂದ್ರೆ ಕೋಡ್ ಇದೆ ಅಂತ ಯಾರೂ ನಂಬಿಸಿರಲಿಲ್ಲ. ಹಾಕಿದವ್ರು "ಜೋಕು, ಪುರಾವೆ ಯಾಕೆ" ಅಂದ್ರೆ ಅದೂ ಉತ್ತರ ಅಲ್ಲ, ಯಾಕಂದ್ರೆ 40% ಅನ್ನೋದನ್ನ ಅವರು ಜೋಕಿಗೆ ಹೇಳಿರಲಿಲ್ಲ. ಕೋಡ್ ಜೋಕು, ಶೇಕಡಾ ಆರೋಪ. ಎರಡನ್ನೂ ಬೇರೆ ಬೇರೆ ತಟ್ಟೇಲಿ ಇಟ್ಟು ನೋಡಬೇಕು. ಈಗ ಕಾಂಗ್ರೆಸ್ ಸರ್ಕಾರವನ್ನ ಎಟಿಎಂ ಮಿಷನ್ ಮಾಡಿ ಬಿಜೆಪಿಯವರು ಹಾಕೋ ಮೀಮ್‌ಗೂ ಇದೇ ಲೆಕ್ಕ. ಪಕ್ಷ ಬದಲಾದ್ರೆ ತಕ್ಕಡಿ ಬದಲಾಗಲ್ಲ.

4/6
ಈಗ ನಮ್ಮೂರಿಗೆ ಬರೋಣ. ಅತೀ ಕಷ್ಟದ್ದು ಇದೇ.

ಗೊತ್ತಿಲ್ಲದವರಿಗೆ ವಿಷಯ ಇಷ್ಟು: ಗೊರೂರಿನ ಹೇಮಾವತಿ ಡ್ಯಾಮಿಂದ ಬರೋ ತುಮಕೂರು ನಾಲೆಯ ಕೊನೇ ಭಾಗದಲ್ಲಿ ಕುಣಿಗಲ್ ಇದೆ. ನಮ್ಮ ಪಾಲಿನ ನೀರು ಸರಿಯಾಗಿ ತಲುಪ್ತಿಲ್ಲ ಅನ್ನೋದು ಅಲ್ಲಿನವರ ಬಹಳ ವರ್ಷದ ದೂರು. ನಾಲೆಯ 70ನೇ ಕಿಲೋಮೀಟರ್ ಹತ್ತಿರದಿಂದ ಪೈಪಲ್ಲಿ ನೇರ ಕುಣಿಗಲ್ ಕಡೆಗೆ ನೀರು ಒಯ್ಯೋದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ. ನೀರು ಮಾಗಡಿಗೂ ಹೋಗುತ್ತೆ, ನಮ್ಮ ಪಾಲು ಕಮ್ಮಿ ಆಗುತ್ತೆ ಅನ್ನೋದು ಗುಬ್ಬಿ, ತುರುವೇಕೆರೆ, ತುಮಕೂರು ಕಡೆಯ ರೈತರ ಭಯ. 2025ರ ಮೇ 31ಕ್ಕೆ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಹತ್ತಿರ ದೊಡ್ಡ ಪ್ರತಿಭಟನೆಯೇ ಆಯ್ತು.

ಈಗ ಎರಡು ಸಾಲು ಹೋಲಿಸಿ. ಉದಾಹರಣೆಗೆ ಅಂತ ಎರಡನ್ನೂ ನಾನೇ ಬರೆದಿದ್ದೀನಿ.

ಅ) "ಲಿಂಕ್ ಕೆನಾಲ್ ಆದ್ಮೇಲೆ ಗುಬ್ಬೀಲಿ ಸ್ನಾನ ಯುಗಾದಿಗೆ ಒಂದ್ಸಲ, ದೀಪಾವಳಿಗೆ ಒಂದ್ಸಲ."
ಆ) "ಲಿಂಕ್ ಕೆನಾಲ್ ಆದ್ರೆ ಗುಬ್ಬಿಗೆ ಒಂದು ಹನಿ ನೀರೂ ಬರಲ್ಲ."

ಎರಡೂ ಉತ್ಪ್ರೇಕ್ಷೆನೇ. ಆದ್ರೆ ಮೊದಲನೇದು ತಾನು ಜೋಕು ಅಂತ ತಾನೇ ಹೇಳ್ಕೊಳ್ಳುತ್ತೆ. ಅದರಲ್ಲಿ ಉಳಿಯೋದು "ನಮಗೆ ನೀರು ಕಮ್ಮಿ ಆಗುತ್ತೆ ಅಂತ ಭಯ ಇದೆ" ಅನ್ನೋದು. ಅದು ನಿಜವಾದ ಭಯ.

ಎರಡನೇದು ಮೋಸದ್ದು. ಕನ್ನಡದಲ್ಲಿ "ಒಂದು ಹನಿ" ಅನ್ನೋದು ಮಾತಿನ ವರಸೆ. "ಮನೇಲಿ ಒಂದು ಕಾಳು ಅಕ್ಕಿ ಇಲ್ಲ" ಅಂತ ಅಜ್ಜಿ ಅಂದ್ರೆ ನಾವ್ಯಾರೂ ಡಬ್ಬ ತೆಗೆದು ಕಾಳು ಎಣಿಸಲ್ಲ. ಆದ್ರೆ ನಾಲೆಯ ನೀರು ಅಳತೆಯ ವಸ್ತು, ಟಿಎಂಸಿ ಲೆಕ್ಕದಲ್ಲಿ ಹಂಚೋದು. ಅಳತೆಯ ಜಗಳದ ನಡುವೆ, ನಕ್ಷೆಯ ಚಿತ್ರದ ಮೇಲೆ, ಕೆಂಪು ಅಕ್ಷರದಲ್ಲಿ "ಒಂದು ಹನಿಯೂ ಇಲ್ಲ" ಅಂತ ಬಂದಾಗ ಓದೋರು ಅದನ್ನ ಸೊನ್ನೆ ಅಂತಲೇ ಓದ್ತಾರೆ. ಕುಣಿಗಲ್ ಕಡೆಯಿಂದ "ಇಷ್ಟು ವರ್ಷ ನಮಗೆ ಒಂದು ಹನಿಯೂ ಬಿಟ್ಟಿಲ್ಲ" ಅಂತ ಬಂದ್ರೂ ಅದೇ ಕಥೆ.

ಇಂಥ ಸಾಲು ಕಂಡಾಗ ಮೂರು ಸಪ್ಪೆ ಪ್ರಶ್ನೆ ಕೇಳಿ. ಎಷ್ಟು? ಅಂದ್ರೆ ಯಾವ ತಾಲ್ಲೂಕಿಗೆ ಎಷ್ಟು ನೀರು ಹಂಚಿಕೆ ಆಗಿದೆ, ಪೈಪಲ್ಲಿ ಎಷ್ಟು ಹೋಗುತ್ತೆ. ಎಲ್ಲಿ? ನೀರು ತಿರುಗಿಸೋ ಜಾಗ ಯಾವುದು, ಅದಾದ ಮೇಲೆ ಬರೋ ಊರುಗಳು ಯಾವುವು. ಯಾರು ಹೇಳಿದ್ದು? ಯೋಜನಾ ವರದಿಯಾ, ವೇದಿಕೆ ಭಾಷಣಾನಾ, ಇಲ್ಲ ಇನ್ನೊಂದು ಮೀಮಾ? "ಯುಗಾದಿಗೆ ಒಂದ್ಸಲ ಸ್ನಾನ" ಅನ್ನೋದಕ್ಕೆ ಈ ಪ್ರಶ್ನೆ ಕೇಳಿದ್ರೆ ನೀವೇ ಜೋಕರ್ ಆಗ್ತೀರ. "ಒಂದು ಹನಿಯೂ ಇಲ್ಲ" ಅನ್ನೋದಕ್ಕೆ ಕೇಳಿದ್ರೆ ಚರ್ಚೆ ಶುರುವಾಗುತ್ತೆ. ಆ ವ್ಯತ್ಯಾಸವೇ ಗುರುತು.

5/6
ಒಂದೇ ಸಾಲು ಒಂದು ಕಡೆ ಜೋಕಾಗಿ, ಇನ್ನೊಂದು ಕಡೆ ಸುದ್ದಿಯಾಗಿ ಯಾಕೆ ಬದಲಾಗುತ್ತೆ?

ಗುಬ್ಬಿ ವೀರಣ್ಣನವರ ಊರಿನವರಿಗೆ ಇದನ್ನ ಹೇಳ್ಕೊಡಬೇಕಿಲ್ಲ. ಕಂಪನಿ ನಾಟಕದಲ್ಲಿ ಹಾಸ್ಯಪಾತ್ರ ರಂಗಕ್ಕೆ ಬರೋದೇ ಬಣ್ಣ, ವೇಷ, ನಡಿಗೆ ಸಮೇತ. ಅವನು ಬಾಯಿ ಬಿಡೋ ಮುಂಚೆನೇ ಪ್ರೇಕ್ಷಕರಿಗೆ ಗೊತ್ತು, ಇವನು ಹೇಳೋದನ್ನ ಹೇಗೆ ತಗೋಬೇಕು ಅಂತ. ಮೀಮ್ ಪೇಜಿನ ಹೆಸರು, ಮೂಲೆಯಲ್ಲಿರೋ ಗುರುತು, ಹಿಂದಿನ ಹತ್ತು ಪೋಸ್ಟ್, ಇವೆಲ್ಲ ಆ ವೇಷ. ಯಾರೋ ಸ್ಕ್ರೀನ್‌ಶಾಟ್ ತೆಗೆದು, ಮೂಲೆ ಕತ್ತರಿಸಿ, ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು ಅಂದ್ರೆ ವೇಷ ಕಳಚಿತು. ಈಗ ಅದೇ ಮಾತು ಮಫ್ತಿಯಲ್ಲಿ ಬಂದಿದೆ. ಅದಕ್ಕೇ ಟಿವಿ ಚಾನೆಲ್‌ನ ಬ್ರೇಕಿಂಗ್ ನ್ಯೂಸ್ ಪಟ್ಟಿಯನ್ನ ಥೇಟ್ ನಕಲು ಮಾಡೋ ಮೀಮ್‌ಗಳು ನನಗೆ ಇಷ್ಟ ಆಗಲ್ಲ. ಅವು ಹುಟ್ಟೋವಾಗಲೇ ಸುದ್ದಿಯ ವೇಷ ಹಾಕ್ಕೊಂಡಿರುತ್ತವೆ.

6/6
ಇದು ಬರೀ ಫ್ರೆಂಡ್ಸ್ ಜಗಳದ ಮಾತಲ್ಲ. 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಯೋ ರಾಜ್ಯದ ಕರಡು ಮಸೂದೆಯೊಂದು ಚರ್ಚೆಗೆ ಬಂತು. ಅದರಲ್ಲಿ ವಿಡಂಬನೆ, ಹಾಸ್ಯ, ಅಣಕಗಳನ್ನ "ತಪ್ಪು ಮಾಹಿತಿ"ಯ ವ್ಯಾಖ್ಯಾನದಿಂದ ಹೊರಗಿಟ್ಟಿದ್ರು. ಆದ್ರೆ ಒಂದು ಷರತ್ತು: ಸಾಮಾನ್ಯ ವಿವೇಕ ಇರೋ ಮನುಷ್ಯ ಅದನ್ನ ವಾಸ್ತವ ಅಂತ ತಗೊಳ್ಳೋ ಹಾಗಿರಬಾರದು.

ಆ ಮನುಷ್ಯ ಯಾರು? ದಿನಾ ನೂರು ಮೀಮ್ ನೋಡೋ ನೀವಾ, ಫಾರ್ವರ್ಡ್ ಬಂದಿದ್ದನ್ನೆಲ್ಲ ಕನ್ನಡಕ ಹಾಕ್ಕೊಂಡು ಓದೋ ನಿಮ್ಮ ದೊಡ್ಡಪ್ಪನಾ? ಇದನ್ನ ಠಾಣೆಯಲ್ಲಿ ಕೂತು ತೀರ್ಮಾನ ಮಾಡೋದು ನನಗಂತೂ ಒಪ್ಪಿಗೆ ಇಲ್ಲ. ಅಧಿಕಾರದಲ್ಲಿ ಇರೋರಿಗೆ ತಮ್ಮ ಮೇಲಿನ ಜೋಕೆಲ್ಲ ಸುಳ್ಳು ಸುದ್ದಿ ಥರಾನೇ ಕಾಣೋದು. ಆದ್ರೆ ಆ ದಾರಿ ಬೇಡ ಅಂದ್ರೆ, "ಜೋಕ್ ಕಣೋ" ಅನ್ನೋ ಕಳ್ಳದಾರಿಯನ್ನ ನಾವೂ ಬಿಡಬೇಕು. ಯಾರೂ ಕೇಳದಿದ್ರೆ ಸತ್ಯ, ಕೇಳಿದ್ರೆ ಜೋಕು, ಈ ಎರಡು ದೋಣಿ ಮೇಲೆ ಕಾಲಿಡೋ ಆಟದಿಂದಲೇ ನಿಜವಾದ ವಿಡಂಬನೆಯ ಹೆಸರು ಕೆಡೋದು.

ಉತ್ಪ್ರೇಕ್ಷೆ ಮಾಡಿ. ಧಾರಾಳವಾಗಿ ಮಾಡಿ, ಯಾರೂ ನಂಬೋಕೆ ಸಾಧ್ಯವಿಲ್ಲದಷ್ಟು ಮಾಡಿ. ಅರ್ಧಂಬರ್ಧ ಮಾಡಿದ್ರೇನೇ ತಾಪತ್ರಯ. ಜೋಕಿನೊಳಗೆ ಒಂದು ಆರೋಪ ಇಟ್ಟಿದ್ರೆ, ಅದು ಎಲ್ಲಿಂದ ಬಂತು ಅಂತ ಕೆಳಗೆ ಒಂದು ಸಾಲು ಬರೀರಿ.

ಗುಬ್ಬಿಯವರೇ, ಕುಣಿಗಲ್‌ನವರೇ, ನೀರಿನ ಜಗಳ ಇನ್ನೂ ಇದೆ. ಮುಂದಿನ ಮೀಮ್ ಬಂದಾಗ ಮೊದಲು ನಕ್ಕುಬಿಡಿ. ಆಮೇಲೆ ಆ ಸಪ್ಪೆ ವಾಕ್ಯ ಬರೆದು ನೋಡಿ.

#ಮೀಮ್‌ಮಾತು #ತುಮಕೂರು #ಗುಬ್ಬಿ #ಕುಣಿಗಲ್ #ಹೇಮಾವತಿ