ನಾಮಫಲಕದ ಶೇ. 60: ಚೌಕಟ್ಟಿನ ಲೆಕ್ಕ, ಕಣ್ಣಿನ ಲೆಕ್ಕ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ವ್ಯಾಪಾರ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು ಮತ್ತು ಕನ್ನಡವು ಫಲಕದ ಮೇಲಿನ ಅರ್ಧಭಾಗದಲ್ಲಿರಬೇಕು. ಆ ವರ್ಷ ರಾಜ್ಯದ ಅನೇಕ ವರ್ತಕರು ಫಲಕಗಳನ್ನು ಬದಲಾಯಿಸಿದರು. ಫಲಕವನ್ನು ಅಡ್ಡಲಾಗಿ ಗೆರೆ ಎಳೆದು ವಿಭಾಗಿಸಿ, ಮೇಲಿನ ಶೇ. 60 ಭಾಗವನ್ನು ಕನ್ನಡಕ್ಕೂ ಕೆಳಗಿನ ಶೇ. 40 ಭಾಗವನ್ನು ಇಂಗ್ಲಿಷಿಗೂ ಕೊಟ್ಟರೆ ಕೆಲಸ ಮುಗಿಯಿತೆಂಬುದು ಸಾಮಾನ್ಯ ತಿಳಿವಳಿಕೆ. ಆದರೂ ರಸ್ತೆಯ ಎದುರು ಬದಿಯಲ್ಲಿ ನಿಂತು ನೋಡಿದರೆ, ಹೀಗೆ ಮಾಡಿದ ಎಷ್ಟೋ ಫಲಕಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಇಂಗ್ಲಿಷ್ ಸಾಲೇ. ಹಣ ಖರ್ಚಾಗಿದೆ, ಟೇಪು ಹಿಡಿದರೆ ಅಳತೆಯೂ ಸರಿಯಿದೆ. ನೋಡುವವನಿಗೆ ಮಾತ್ರ ಕನ್ನಡ ಚಿಕ್ಕದಾಗಿ ಕಾಣುತ್ತದೆ. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ವರ್ತಕರು ತಿಳಿದುಕೊಳ್ಳದ ಹೊರತು ಎರಡನೆಯ ಬಾರಿಯ ಖರ್ಚು ತಪ್ಪುವುದಿಲ್ಲ.

ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದವು. ಅವು ಒಂದು ಗೆರೆಯ ಮೇಲೆ ನಿಂತು ಇನ್ನೊಂದು ಗೆರೆಯನ್ನು ಮುಟ್ಟುತ್ತವೆ. ಮೇಲೆ ಕೆಳಗೆ ಏನೂ ಚಾಚುವುದಿಲ್ಲ. ಕನ್ನಡದ ಸ್ಥಿತಿ ಬೇರೆ. ಅಕ್ಷರಕ್ಕೆ ಒಂದು ಒಡಲಿದೆ, ಅದರ ಮೇಲೆ ತಲೆಕಟ್ಟು, ಗುಡಿಸುಗಳಿವೆ, ಕೆಳಗೆ ಒತ್ತಕ್ಷರಗಳು ಇಳಿಯುತ್ತವೆ. ಓದುವವನ ಕಣ್ಣು ಅಳೆಯುವುದು ಒಡಲನ್ನು. ಗಣಕಯಂತ್ರ ಅಳೆಯುವುದು ಗುಡಿಸಿನ ತುದಿಯಿಂದ ಒತ್ತಿನ ತಳದವರೆಗಿನ ಒಟ್ಟು ಎತ್ತರವನ್ನು. ಈ ಎರಡು ಅಳತೆಗಳ ನಡುವಿನ ಅಂತರದಲ್ಲಿಯೇ ಕನ್ನಡ ಸಾಲು ತನ್ನ ಗಾತ್ರವನ್ನು ಕಳೆದುಕೊಳ್ಳುತ್ತದೆ.

ಒಂದು ಉದಾಹರಣೆಯನ್ನು ಅಂಕಿಗಳೊಡನೆ ಪರಿಶೀಲಿಸಬಹುದು. ಒಂದು ಬಟ್ಟೆ ಅಂಗಡಿಗೆ ‘ಲಕ್ಷ್ಮೀ ವಸ್ತ್ರಾಲಯ’ ಎಂಬ ಹೆಸರಿದೆ ಎಂದಿಟ್ಟುಕೊಳ್ಳೋಣ. ಇಂಗ್ಲಿಷಿನಲ್ಲಿ LAKSHMI VASTRALAYA. ಫಲಕದ ಅಗಲ 12 ಅಡಿ, ಎತ್ತರ 3 ಅಡಿ. ಅಂದರೆ 144 ಇಂಚು ಮತ್ತು 36 ಇಂಚು. ಶೇ. 60ರ ಪ್ರಕಾರ ಕನ್ನಡದ ಪಟ್ಟಿ 21.6 ಇಂಚು, ಇಂಗ್ಲಿಷಿನದು 14.4 ಇಂಚು. ಇಂಗ್ಲಿಷ್ ಪಟ್ಟಿಯ ತಳದಲ್ಲಿ 3 ಇಂಚನ್ನು ಜಿಎಸ್‌ಟಿ ನೋಂದಣಿ ಸಂಖ್ಯೆಗೆ ಬಿಡಬೇಕು. (ಅಂಗಡಿಯ ಪ್ರವೇಶದ್ವಾರದ ನಾಮಫಲಕದಲ್ಲಿ ಈ ಸಂಖ್ಯೆಯನ್ನು ಪ್ರದರ್ಶಿಸಬೇಕೆಂದು 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 18ನೇ ನಿಯಮ ಹೇಳುತ್ತದೆ. ಫಲಕವೆಲ್ಲ ಸಿದ್ಧವಾದ ಮೇಲೆ ಇದು ನೆನಪಿಗೆ ಬಂದು ಮೂಲೆಯಲ್ಲಿ ಚೀಟಿ ಅಂಟಿಸುವವರೇ ಹೆಚ್ಚು.)

ವಿನ್ಯಾಸಕಾರನು ಕನ್ನಡದ ಹೆಸರನ್ನು ತನ್ನ ಪಟ್ಟಿಯಲ್ಲಿ ಕೂರಿಸುತ್ತಾನೆ. ‘ಕ್ಷ್ಮೀ’ಯಲ್ಲಿ ಎರಡು ಒತ್ತು, ‘ಸ್ತ್ರಾ’ದಲ್ಲಿ ಎರಡು ಒತ್ತು. ಅವೆಲ್ಲ ಸೇರಿ ಕೆಳಗೆ 5.5 ಇಂಚು, ಮೇಲಿನ ಗುಡಿಸಿಗೆ 1.5 ಇಂಚು, ಒಡಲಿಗೆ 10 ಇಂಚು, ಒಟ್ಟು 17 ಇಂಚು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಉಳಿದ ಜಾಗ ತುಂಬುವಂತೆ 9 ಇಂಚಿಗೆ ಇಡುತ್ತಾನೆ. ಗಣಕದ ಪರದೆಯ ಮೇಲೆ ಕನ್ನಡ 17, ಇಂಗ್ಲಿಷ್ 9 ಎಂದು ಕಾಣುತ್ತದೆ, ಸುಮಾರು ಎರಡರಷ್ಟು! ಅಂಗಡಿಯ ಮಾಲೀಕರು ಸಂತೋಷದಿಂದ ಒಪ್ಪಿಗೆ ನೀಡುತ್ತಾರೆ. ಕಣ್ಣಿನ ಲೆಕ್ಕದಲ್ಲಿ ಅದು 10ಕ್ಕೆ 9 ಅಷ್ಟೆ.

ಇನ್ನು ಅಗಲ. ಕನ್ನಡದಲ್ಲಿ ಈ ಹೆಸರಿಗೆ ಇರುವುದು ಆರೇ ಅಕ್ಷರ, ಇಂಗ್ಲಿಷಿನಲ್ಲಿ ಹದಿನೇಳು. ಕನ್ನಡದ ಅಕ್ಷರಗಳು ಅಗಲವಾದವು ನಿಜ, ಆದರೂ 10 ಇಂಚಿನ ಒಡಲಿನಲ್ಲಿ ಇಡೀ ಸಾಲು ಸುಮಾರು 93 ಇಂಚಿಗೆ ಮುಗಿಯುತ್ತದೆ. 9 ಇಂಚಿನ ಇಂಗ್ಲಿಷ್ ಸಾಲು 115 ಇಂಚು ಓಡುತ್ತದೆ. ಒಡಲಿನ ಎತ್ತರವನ್ನು ಸಾಲಿನ ಉದ್ದದಿಂದ ಗುಣಿಸಿದರೆ ಕನ್ನಡಕ್ಕೆ 930 ಚದರ ಇಂಚು, ಇಂಗ್ಲಿಷಿಗೆ 1,035 ಚದರ ಇಂಚು. ಅಂದರೆ ಪಟ್ಟಿಗಳ ಪ್ರಮಾಣ 60:40 ಆಗಿದ್ದರೂ ಅಕ್ಷರಗಳ ಪ್ರಮಾಣ ಸುಮಾರು 47:53. ಜಮಾಖರ್ಚಿನ ಎರಡು ಬದಿ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆಯೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ, ಇಲ್ಲಿಯೂ ಹಾಗೆಯೇ.

ಈ ಹಂತದಲ್ಲಿ ಕನ್ನಡ ಚಿಕ್ಕದಾಯಿತೆಂದು ಯಾರಾದರೂ ಆಕ್ಷೇಪಿಸಿದರೆ, ವಿನ್ಯಾಸಕಾರರು ಸಾಮಾನ್ಯವಾಗಿ ಕನ್ನಡ ಸಾಲಿನ ಪಕ್ಕದ ಹಿಡಿಯನ್ನು ಹಿಡಿದು ಫಲಕದ ಎರಡೂ ಅಂಚಿನವರೆಗೆ ಎಳೆಯುತ್ತಾರೆ. 93 ಇಂಚಿನ ಸಾಲು 136 ಇಂಚಾಗುತ್ತದೆ. ಆಗ ಅಡ್ಡಗೆರೆಗಳ ದಪ್ಪ ಇದ್ದಷ್ಟೇ ಇರುತ್ತದೆ, ನಿಲುಗೆರೆಗಳ ದಪ್ಪ ಮಾತ್ರ ಸುಮಾರು ಒಂದೂವರೆ ಪಟ್ಟಾಗುತ್ತದೆ. ದುಂಡಗಿರಬೇಕಾದ ‘ವ’, ‘ಲ’ ಚಪ್ಪಟೆಯಾಗುತ್ತವೆ. ಎತ್ತರ ಮಾತ್ರ ಹೆಚ್ಚಿಸಿದರೆ ಇದರ ವಿಪರೀತ ಪರಿಣಾಮ, ಮೇಲಾಗಿ ಒತ್ತುಗಳು ಇಂಗ್ಲಿಷ್ ಸಾಲನ್ನು ತುಳಿಯುತ್ತವೆ. ಎಳೆದ ಅಕ್ಷರವನ್ನು ಗುರುತಿಸುವುದು ಸುಲಭ. ಸೊನ್ನೆಯನ್ನಾಗಲಿ ‘ಠ’ವನ್ನಾಗಲಿ ಅದೇ ಪ್ರಮಾಣದಲ್ಲಿ ಟೈಪ್ ಮಾಡಿಸಿ ನೋಡಬೇಕು, ಅದು ಮೊಟ್ಟೆಯಂತೆ ಕಂಡರೆ ಸಾಲನ್ನು ಎಳೆಯಲಾಗಿದೆ. ಗಾತ್ರ ಬದಲಾಯಿಸುವುದಾದರೆ ಮೂಲೆಯ ಹಿಡಿಯಿಂದ ಮಾತ್ರ ಬದಲಾಯಿಸತಕ್ಕದ್ದು.

ಸರಿಯಾದ ಮಾರ್ಗ ಕನ್ನಡವನ್ನು ಎಳೆಯುವುದಲ್ಲ, ಇಂಗ್ಲಿಷನ್ನು ಇಳಿಸುವುದು. ಮೇಲಿನ ಉದಾಹರಣೆಯಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳನ್ನು 6.5 ಇಂಚಿಗೆ ತಂದರೆ ಆ ಸಾಲು 83 ಇಂಚಾಗುತ್ತದೆ. ಆಗ ಅಕ್ಷರಗಳ ಪ್ರಮಾಣ 930ಕ್ಕೆ 540, ಹೆಚ್ಚುಕಡಿಮೆ 63:37. (7 ಇಂಚಿಗೆ ಇಟ್ಟರೆ ಪ್ರಮಾಣ ಶೇ. 60ರ ಅಂಚಿಗೆ ಬಂದು ನಿಲ್ಲುತ್ತದೆ. ಸ್ವಲ್ಪ ಕಡಿಮೆಯಿರುವುದೇ ಲೇಸು.) ಎರಡು ಸಾಲುಗಳ ಉದ್ದವೂ ಹತ್ತಿರ ಹತ್ತಿರ ಬಂದು ಫಲಕಕ್ಕೆ ಒಂದು ನೆಲೆ ದೊರೆಯುತ್ತದೆ. ಇಂಗ್ಲಿಷ್ ಸಾಲಿನ ಮೇಲೆ ಕೆಳಗೆ ಎರಡೆರಡು ಇಂಚಿಗೂ ಹೆಚ್ಚು ಖಾಲಿ ಜಾಗ ಉಳಿಯುತ್ತದೆ. ಅದು ವ್ಯರ್ಥವಲ್ಲ, ಒತ್ತಕ್ಷರಗಳಿಗೆ ಬೇಕಾದ ಉಸಿರಾಟದ ಜಾಗ. ಇಷ್ಟಾದ ಮೇಲೂ 6.5 ಇಂಚಿನ ಅಕ್ಷರ ರಸ್ತೆಯ ಆಚೆಯಿಂದ ಸ್ಪಷ್ಟವಾಗಿ ಓದಲು ಬರುತ್ತದೆ. ಹೊರರಾಜ್ಯದ ಗಿರಾಕಿಗೆ ಯಾವ ತೊಂದರೆಯೂ ಇಲ್ಲ.

ಗಾತ್ರದಷ್ಟೇ ಮುಖ್ಯವಾದುದು ಗೆರೆಯ ದಪ್ಪ. ದಪ್ಪ ನಮೂನೆಯ ಇಂಗ್ಲಿಷ್ ಅಕ್ಷರಗಳಲ್ಲಿ ನಿಲುಗೆರೆಯು ಎತ್ತರದ ಐದನೆಯ ಒಂದು ಭಾಗದಷ್ಟಿರುವುದು ಸಾಮಾನ್ಯ. 9 ಇಂಚಿನ ಅಕ್ಷರಕ್ಕೆ ಅದು 1.8 ಇಂಚು. ಕನ್ನಡದ ಒಡಲಿನೊಳಗೆ ಸುಳಿ, ಕೊಂಡಿಗಳು ಇರುವುದರಿಂದ ಅಷ್ಟು ದಪ್ಪವನ್ನು ಅದು ತಾಳಲಾರದು. ಎಂಟನೆಯ ಒಂದು ಭಾಗ, ಅಂದರೆ 10 ಇಂಚಿಗೆ 1.25 ಇಂಚು ಹಿತವಾದ ಮಿತಿ. 1.8ರ ಎದುರು 1.25 ನಿಂತಾಗ ಕನ್ನಡ ಎಷ್ಟೇ ಎತ್ತರವಿದ್ದರೂ ಮಂಕಾಗಿ ಕಾಣುತ್ತದೆ. ಇಂಗ್ಲಿಷನ್ನು 6.5 ಇಂಚಿಗೆ ಇಳಿಸಿದೊಡನೆ ಅದರ ಗೆರೆ 1.3 ಇಂಚಾಗಿ ಎರಡೂ ಸಮವಾಗುತ್ತವೆ. ಒಂದೇ ಬದಲಾವಣೆ ಗಾತ್ರವನ್ನೂ ತೂಕವನ್ನೂ ಸರಿಪಡಿಸಿತು. ಈ ಅಂಕಿಗಳು ಫಾಂಟ್ ಬದಲಾದಂತೆ ಬದಲಾಗುತ್ತವೆ, ಹೆಸರು ಬದಲಾದರಂತೂ ಬದಲಾಗಲೇಬೇಕು. ಅಳೆಯುವ ಕ್ರಮ ಮಾತ್ರ ಅದೇ.

ಇದನ್ನು ಬಿಟ್ಟು ಕನ್ನಡ ಅಕ್ಷರಕ್ಕೆ ಹೊರಗೆರೆ ಸೇರಿಸಿ ದಪ್ಪ ಮಾಡುವ ಅಭ್ಯಾಸ ಎಲ್ಲೆಡೆ ಇದೆ. 0.4 ಇಂಚಿನ ಹೊರಗೆರೆ ಕೊಟ್ಟರೆ ಅದರ ಅರ್ಧ ಹೊರಕ್ಕೂ ಅರ್ಧ ಒಳಕ್ಕೂ ಹೋಗುತ್ತದೆ. ಒಳಗಿನ ಪ್ರತಿಯೊಂದು ಕಿಂಡಿ ಎರಡೂ ಕಡೆಯಿಂದ ಒಟ್ಟು 0.4 ಇಂಚು ಕಿರಿದಾಗುತ್ತದೆ. ಒಡಲಿನಲ್ಲಿ ಅದು ಸಹ್ಯ. ಚಿಕ್ಕದಾಗಿರುವ ಒತ್ತಕ್ಷರದಲ್ಲಿ ಕಿಂಡಿಯೇ ಮುಚ್ಚಿಹೋಗಿ, ‘ಕ್ಷ್ಮೀ’ಯ ಕೆಳಗೆ ಒಂದು ಮಸಿಯ ಮುದ್ದೆ ಉಳಿಯುತ್ತದೆ. ದಪ್ಪ ಬೇಕಾದರೆ ಅದೇ ಫಾಂಟಿನ ದಪ್ಪ ನಮೂನೆಯನ್ನು ಆರಿಸಬೇಕು. ಅದನ್ನು ರಚಿಸಿದವರು ಕಿಂಡಿಗಳಿಗೆ ಜಾಗ ಬಿಟ್ಟೇ ರಚಿಸಿರುತ್ತಾರೆ. ಉಬ್ಬು ಅಕ್ಷರದ ಎಲ್‌ಇಡಿ ಫಲಕಗಳಲ್ಲಿ ಇದಕ್ಕೆ ಪ್ರತಿಯಾದ ದೋಷವೊಂದಿದೆ. ಒತ್ತಿನ ಗೆರೆ ತೀರ ಕಿರಿದಾದರೆ ಅದರೊಳಗೆ ದೀಪ ಕೂರುವುದಿಲ್ಲ. ಹಗಲು ‘ಲಕ್ಷ್ಮೀ’ ಎಂದಿರುವುದು ರಾತ್ರಿ ‘ಲಕೀ’ ಎಂದಾಗುತ್ತದೆ.

ಹೆಸರಿನ ಬರವಣಿಗೆಯೂ ಅಳತೆಯನ್ನು ಬದಲಿಸುತ್ತದೆ. ‘ಟೆಕ್ಸ್ಟೈಲ್ಸ್’ ಎಂದು ಒತ್ತಾಗಿ ಬರೆದರೆ ಸಾಲು ಆಳವಾಗುತ್ತದೆ, ‘ಟೆಕ್ಸ್‌ಟೈಲ್ಸ್’ ಎಂದು ಬಿಡಿಸಿ ಬರೆದರೆ ಅಗಲವಾಗುತ್ತದೆ. ಅಗಲ ಹೆಚ್ಚಿರುವ ಫಲಕಕ್ಕೆ ಎರಡನೆಯದೇ ಅನುಕೂಲ, ಏಕೆಂದರೆ ಒತ್ತಿಗೆ ಹೋಗುತ್ತಿದ್ದ ಎತ್ತರ ಒಡಲಿಗೆ ದೊರೆಯುತ್ತದೆ. ಮಾಲೀಕರು ಇದನ್ನು ವಿನ್ಯಾಸಕಾರರ ಕೈಗೆ ಬಿಡದೆ ತಾವೇ ತೀರ್ಮಾನಿಸಿ, ಬಿಲ್ಲು, ಚೀಲ, ಫಲಕಗಳಲ್ಲೆಲ್ಲ ಒಂದೇ ರೂಪವನ್ನು ಬಳಸುವುದು ಉಚಿತ.

ಒಪ್ಪಿಗೆ ನೀಡುವ ಮುನ್ನ ಕರಡನ್ನು ಕಾಗದದಲ್ಲಿ ನೋಡಬೇಕು. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಯಾವ ದೋಷವೂ ತಿಳಿಯದು. 12 ಅಡಿಯ ಫಲಕವನ್ನು ಹದಿನಾರನೆಯ ಒಂದು ಭಾಗಕ್ಕೆ ಇಳಿಸಿದರೆ 9 ಇಂಚು ಅಗಲವಾಗಿ ಎ4 ಹಾಳೆಯನ್ನು ಅಡ್ಡ ಇಟ್ಟಾಗ ಹಿಡಿಯುತ್ತದೆ. ಅದನ್ನು ಗೋಡೆಗೆ ಅಂಟಿಸಿ 5 ಅಡಿ ದೂರದಿಂದ ನೋಡಿದರೆ, ನಿಜವಾದ ಫಲಕವನ್ನು 80 ಅಡಿ ದೂರದಿಂದ ನೋಡಿದಂತೆ. ಕಣ್ಣನ್ನು ಅರೆಮುಚ್ಚಿದಾಗ ಎರಡು ಸಾಲುಗಳು ಎರಡು ಬೂದು ಪಟ್ಟಿಗಳಾಗಿ ತೋರುತ್ತವೆ. ಕೆಳಗಿನ ಪಟ್ಟಿ ಹೆಚ್ಚು ಕಪ್ಪಾಗಿದ್ದರೆ ಇಂಗ್ಲಿಷಿನ ಗೆರೆ ದಪ್ಪವಾಗಿದೆ ಎಂದರ್ಥ. ಒಪ್ಪಿಗೆಯಾದ ಬಳಿಕ ಅಕ್ಷರಗಳನ್ನು Convert to Curves ಆದೇಶದಿಂದ ಆಕೃತಿಗಳಾಗಿ ಪರಿವರ್ತಿಸಿಯೇ ಕಡತವನ್ನು ಮುದ್ರಣಕ್ಕೆ ಕಳುಹಿಸಬೇಕು. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಮುದ್ರಣಾಲಯದ ಗಣಕದಲ್ಲಿ ಬೇರೊಂದು ಫಾಂಟ್ ಬಂದು ಕೂತು ಲೆಕ್ಕವೆಲ್ಲ ಕೆಡುತ್ತದೆ.

ಈ ತೊಡಕಿನ ಮೂಲ ವಿನ್ಯಾಸಕಾರರ ಅಜ್ಞಾನಕ್ಕಿಂತ ಹೆಚ್ಚಾಗಿ ಕಾರ್ಯಾದೇಶದಲ್ಲಿದೆ. ನಾಮಫಲಕಕ್ಕೆ ಹಣ ನೀಡುವುದು ಚದರ ಅಡಿಯ ದರದಲ್ಲಿ. ಆದೇಶದಲ್ಲಿ ಬರೆಯುವುದು ‘12 x 3, ಕನ್ನಡ ಶೇ. 60’ ಎಂದಷ್ಟೇ. ಅಕ್ಷರ ಚೆನ್ನಾಗಿದ್ದರೂ ಕೆಟ್ಟಿದ್ದರೂ ಬಿಲ್ಲಿನ ಮೊತ್ತ ಒಂದೇ, ಹೀಗಿರುವಾಗ ತಯಾರಕರು ಶ್ರಮ ವಹಿಸಲು ಕಾರಣವೇನಿದೆ? ಕನ್ನಡದ ಒಡಲಿನ ಎತ್ತರ, ಇಂಗ್ಲಿಷ್ ದೊಡ್ಡಕ್ಷರದ ಎತ್ತರ, ಎರಡರ ಗೆರೆಯ ದಪ್ಪ, ಈ ನಾಲ್ಕು ಅಂಕಿಗಳನ್ನು ಆದೇಶದಲ್ಲಿ ಬರೆದು, ಸಹಿ ಮಾಡಿದ ಕರಡನ್ನು ಲಗತ್ತಿಸಿ, ಕೊನೆಯ ಕಂತನ್ನು ಅಳತೆ ತಾಳೆ ನೋಡಿದ ನಂತರ ಪಾವತಿಸುವುದು ಕಷ್ಟದ ಕೆಲಸವಲ್ಲ. ಇಂತಹ ಆದೇಶದ ಒಂದು ಪುಟದ ಮಾದರಿಯನ್ನು ವಾಣಿಜ್ಯ ಸಂಘಗಳು ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು. ಫಲಕ ಬದಲಾಯಿಸಬೇಕಾಗಿರುವ ಸಣ್ಣ ಅಂಗಡಿಯವರಿಗೆ ಕಾನೂನಿನ ಸುತ್ತೋಲೆಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.