ರನ್ ಹುಡುಕಿದ್ದು ಗೆದ್ದಿತು, ಕೂಡಿಸಿದ್ದು ಎಡವಿತು

ಅಕಾರಾದಿಯಾಗಿ ಜೋಡಿಸಿದ 600 ಹೆಸರುಗಳ ಒಂದು ಪಟ್ಟಿ. ಅದರ ಬಾಲಕ್ಕೆ, ಹಾಗೆಯೇ ಜೋಡಿಸಿದ 400 ಹೆಸರುಗಳ ಇನ್ನೊಂದು. ಶಾಲೆಯ ಗುಮಾಸ್ತರ ಕೈಗೆ ಇದನ್ನು ಕೊಟ್ಟರೆ ಎರಡು ಕಟ್ಟುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮೇಲಿನ ಎರಡು ಹಾಳೆ ನೋಡಿ, ಮುಂಚೆ ಬರಬೇಕಾದದ್ದನ್ನು ಎತ್ತಿಡುತ್ತ ಹೋಗುತ್ತಾರೆ. ಸಾವಿರವನ್ನೂ ಕಲಸಿ ಮೊದಲಿನಿಂದ ಶುರುಮಾಡುವವರು ಯಾರೂ ಇಲ್ಲ. ಪೈಥಾನ್‌ನ `list.sort()`ಗೆ ಈ ಗುಮಾಸ್ತಿಕೆ ಕಲಿಸಿದವರು ಟಿಮ್ ಪೀಟರ್ಸ್. ಅವರು ಅದನ್ನು ಬರೆದದ್ದು 2002ರಲ್ಲಿ; ಮರುವರ್ಷ ಪೈಥಾನ್ 2.3ರ ಜೊತೆ ಅದು ಎಲ್ಲರ ಕೈಸೇರಿತು. ಎರಡು ದಶಕ ದಾಟಿರುವ ಟಿಮ್‌ಸಾರ್ಟ್‌ನ ಲೆಕ್ಕ ನೋಡಿದರೆ, ಗೆದ್ದದ್ದು ಒಂದು ಕಡೆ, ಎಡವಿದ್ದು ಇನ್ನೊಂದು ಕಡೆ.

ಗೆದ್ದದ್ದು ರನ್ ಹುಡುಕುವ ಉಪಾಯ. ಪಟ್ಟಿಯನ್ನು ಎಡದಿಂದ ಓದುತ್ತ, ಏರಿಕೆ ಎಲ್ಲಿಯವರೆಗೆ ಮುರಿಯುವುದಿಲ್ಲವೋ ಅಲ್ಲಿಯವರೆಗೂ ಒಂದು ರನ್. ನಮ್ಮ ಹೆಸರುಗಳಲ್ಲಿ 601ನೆಯದಕ್ಕೆ ಬಂದಾಗ ಏರಿಕೆ ಮುರಿಯುತ್ತದೆ, ಎರಡನೇ ರನ್ ಅಲ್ಲಿಂದ ಶುರು. ಇಷ್ಟು ಪತ್ತೆಗೆ 999 ಹೋಲಿಕೆ. ಎರಡನ್ನೂ ಬೆರೆಸಲು ಹೆಚ್ಚೆಂದರೆ ಇನ್ನೊಂದು ಸಾವಿರದಷ್ಟು. ಇದೇ ಸಾವಿರ ಹೆಸರು ಚೆಲ್ಲಾಪಿಲ್ಲಿಯಾಗಿದ್ದರೆ, ಹೋಲಿಸಿಯೇ ಜೋಡಿಸುವ ಯಾವ ವಿಧಾನಕ್ಕೂ ಸರಾಸರಿ 8,500ಕ್ಕಿಂತ ಕಡಿಮೆ ಹೋಲಿಕೆ ಸಾಲದು. ಇಳಿಕೆಯ ರನ್ ಸಿಕ್ಕಿದರೂ ನಷ್ಟವಿಲ್ಲ, ಇದ್ದಲ್ಲೇ ತಿರುಗಿಸಿದರಾಯಿತು. ಆದರೆ ಮೂಲ ನಿಯಮದಲ್ಲಿ ಇಳಿಕೆ ಎಂದರೆ ಕಟ್ಟುನಿಟ್ಟಾದ ಇಳಿಕೆ. ಸಮಾನವಾದ ಎರಡು ಅಂಶಗಳು ಒಳಗಿದ್ದರೆ ತಿರುಗಿಸಿದಾಗ ಹಿಂದುಮುಂದಾಗುತ್ತವೆ. ಸಮಾನರ ಮೂಲ ಕ್ರಮ ಕದಡಬಾರದು ಎಂಬುದು ಪೈಥಾನ್ ಈಗ ಕೊಡುವ ಭರವಸೆ.

ನಿಜವಾದ ದತ್ತಾಂಶದಲ್ಲಿ ರನ್‌ಗಳು ಇಷ್ಟು ಉದ್ದ ಸಿಗಬೇಕೆಂದಿಲ್ಲ. ತೀರ ಗಿಡ್ಡವಾದರೆ, ಮುಂದಿನ ಅಂಶಗಳನ್ನೂ ಒಳಗೆ ತೂರಿಸಿ ಒಂದು ಕನಿಷ್ಠ ಉದ್ದಕ್ಕೆ ಬೆಳೆಸುತ್ತಾರೆ. ಆ ಉದ್ದ 32 ಎಂದು ಸದಾ ಗೊತ್ತುಮಾಡಿಬಿಡಬಹುದಿತ್ತಲ್ಲ? 2112 ಅಂಶಗಳನ್ನು ತೆಗೆದುಕೊಳ್ಳಿ. 32ರಂತೆ ಕತ್ತರಿಸಿದರೆ 66 ತುಂಡು. ಅದರಲ್ಲಿ 64 ಚೆನ್ನಾಗಿ ಜೋಡಿಯಾಗಿ 2048ರ ಒಂದು ದೊಡ್ಡ ಕಟ್ಟಾಗುತ್ತವೆ, ಮಿಕ್ಕ 64 ಅಂಶಗಳ ಪುಟ್ಟ ಕಟ್ಟನ್ನು ಕೊನೆಗೆ ಅದಕ್ಕೆ ಬೆರೆಸಬೇಕಾಗುತ್ತದೆ. 33ರಂತೆ ಕತ್ತರಿಸಿದರೆ ಸರಿಯಾಗಿ 64 ತುಂಡು, ಕೊನೆಯವರೆಗೂ ಸಮಸಮ. ಪೀಟರ್ಸ್ ಆರಿಸಿದ್ದು ಈ ಎರಡನೆಯ ದಾರಿ. ಎರಡು ಕಟ್ಟು ಬೆರೆಸುವಾಗ ಒಂದೇ ಕಡೆಯವರು ಸತತ ಏಳು ಸಲ ಗೆದ್ದರೆ ಒಂದೊಂದೇ ನೋಡುವುದನ್ನು ಬಿಟ್ಟು 1, 3, 7, 15 ಹೀಗೆ ಜಿಗಿಯುವ ಉಪಾಯವೂ ಅವರ ಸೂತ್ರದಲ್ಲಿತ್ತು.

ಎಡವಿದ್ದು, ಯಾವ ರನ್ ಅನ್ನು ಯಾವಾಗ ಬೆರೆಸಬೇಕೆಂಬ ತೀರ್ಮಾನದಲ್ಲಿ. ಸಿಕ್ಕ ರನ್‌ಗಳ ಉದ್ದವನ್ನು ಒಂದರ ಮೇಲೊಂದು ಪೇರಿಸಿಟ್ಟು, ಪ್ರತಿಯೊಂದೂ ತನ್ನ ಮೇಲಿನ ಎರಡರ ಮೊತ್ತಕ್ಕಿಂತ ದೊಡ್ಡದಿರಬೇಕು ಎಂಬುದು ನಿಯಮ. ಹಾಗಿದ್ದರೆ ಪೇರಿಕೆ ಎತ್ತರಕ್ಕೆ ಹೋಗುವುದಿಲ್ಲ, ಅದಕ್ಕೆಂದು ಮೀಸಲಿಟ್ಟ ಸಣ್ಣ ಜಾಗವೇ ಸಾಕು. 2015ರಲ್ಲಿ ಸ್ಟೈನ್ ಡಿ ಗೌ ಮತ್ತು ಸಂಗಡಿಗರು ಜಾವಾದಲ್ಲಿದ್ದ ಟಿಮ್‌ಸಾರ್ಟ್ ಸರಿ ಎಂದು ಯಂತ್ರಸಹಾಯದಿಂದ ಸಾಧಿಸಲು ಕುಳಿತರು. ಸಾಧನೆ ಮುಂದಕ್ಕೆ ಹೋಗಲಿಲ್ಲ. ಟಿಮ್‌ಸಾರ್ಟ್ ಆ ನಿಯಮವನ್ನು ಮೇಲಿನ ಮೂರರಲ್ಲಿ ಮಾತ್ರ ಪರೀಕ್ಷಿಸುತ್ತಿತ್ತು, ಕೆಳಗೆ ಅದು ಮುರಿದಿರಬಹುದಿತ್ತು. ಬೇಕೆಂದೇ ಹೆಣೆದ 67,108,864 ಅಂಶಗಳ ಪಟ್ಟಿಯೊಂದು ಜಾವಾದ ಜಾಗವನ್ನು ಉಕ್ಕಿಸಿ ಪ್ರೋಗ್ರಾಂ ಕೆಡವಿತು. ಪೈಥಾನ್‌ನಲ್ಲೂ ದೋಷ ಅದೇ. ಅದು ಬಯಲಿಗೆ ಬರಬೇಕಾದರೆ ಬೇಕಾಗುವಷ್ಟು ದೊಡ್ಡ ಪಟ್ಟಿ ಯಾವ ಕಂಪ್ಯೂಟರಿನಲ್ಲೂ ಹಿಡಿಸದು ಅಷ್ಟೆ. ಹದಿಮೂರು ವರ್ಷ ಲೆಕ್ಕವಿಲ್ಲದಷ್ಟು ಜನ ಬಳಸಿದರೂ ಇದು ಕಣ್ಣಿಗೆ ಬೀಳಲಿಲ್ಲ ಎಂಬುದು ನನಗೆ ಈಗಲೂ ಸ್ವಲ್ಪ ಇರುಸುಮುರುಸು.

ದೋಷಕ್ಕೆ ಆಗಲೇ ತೇಪೆ ಬಿತ್ತು. ಬೆರೆಸುವ ಕ್ರಮವೇ ಬದಲಾದದ್ದು 2022ರ ಪೈಥಾನ್ 3.11ರಲ್ಲಿ. ಇಯಾನ್ ಮನ್ರೊ ಮತ್ತು ಸೆಬಾಸ್ಟಿಯನ್ ವೈಲ್ಡ್ 2018ರಲ್ಲಿ ಪ್ರಕಟಿಸಿದ ಪವರ್‌ಸಾರ್ಟ್‌ನ ನೀತಿ ಅಲ್ಲಿಗೆ ಬಂತು: ಪಕ್ಕಪಕ್ಕದ ಎರಡು ರನ್‌ಗಳ ಗಡಿ ಇಡೀ ಪಟ್ಟಿಯಲ್ಲಿ ಎಲ್ಲಿ ಬೀಳುತ್ತದೆ ಎಂದು ನೋಡಿ ಅವುಗಳ ಸರದಿ ನಿಗದಿಯಾಗುತ್ತದೆ. ರನ್ ಹುಡುಕುವ ಮೂಲ ಉಪಾಯ ಮಾತ್ರ ಉಳಿದುಕೊಂಡಿದೆ.

ಆ ಉಪಾಯದ ಮಿತಿಯನ್ನು ಮನೆಯಲ್ಲೇ ನೋಡಬಹುದು.

```python
a = list(range(500))
b = list(range(500, 1000))
x = a + b
y = [v for p in zip(a, b) for v in p]
```

`x` ಪೂರ್ತಿ ಒಂದೇ ರನ್. ಅದನ್ನು ಸಾರ್ಟ್ ಮಾಡಲು 999 ಹೋಲಿಕೆ ಸಾಕು. `y`ಯಲ್ಲೂ ಅವೇ ಸಾವಿರ ಸಂಖ್ಯೆ, ಕ್ರಮವೂ ಅಷ್ಟೇ ಅಚ್ಚುಕಟ್ಟು: 0, 500, 1, 501. ನಮ್ಮ ಕಣ್ಣಿಗೆ ತಟ್ಟನೆ ಹೊಳೆಯುವ ಆ ಕ್ರಮ ಟಿಮ್‌ಸಾರ್ಟ್‌ಗೆ ಕಾಣದು, ಏಕೆಂದರೆ ಅದು ನೆರೆಯ ಎರಡನ್ನಷ್ಟೇ ಹೋಲಿಸುತ್ತದೆ, ಎರಡೆರಡಕ್ಕೇ ಏರಿಕೆ ಮುರಿಯುತ್ತದೆ. ಮುಂದೆ ಬೆರೆಸುವಾಗ ಜಿಗಿತ ಒಂದಿಷ್ಟು ಉಳಿಸಿಕೊಡುತ್ತದೆ ನಿಜ. ಆದರೆ ಗಿಡ್ಡ ರನ್‌ಗಳನ್ನು ಕನಿಷ್ಠ ಉದ್ದಕ್ಕೆ ಬೆಳೆಸುವಷ್ಟರಲ್ಲೇ ಹೋಲಿಕೆ ನಾಲ್ಕು ಸಾವಿರ ದಾಟಿರುತ್ತದೆ.