ಬೆವರಿನ ಫಲವನ್ನು ಮಾತ್ರೆ ನುಂಗದಿರಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಮೈದಾನಗಳಲ್ಲಿ ಬೆಳಗಿನ ಹೊತ್ತು ಎರಡು ಬಗೆಯ ಜನ ಬೆವರು ಸುರಿಸುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೋ ಸೇನೆಗೋ ಸೇರಬೇಕೆಂದು 1,600 ಮೀಟರ್ ಓಟವನ್ನು ಪಳಗಿಸಿಕೊಳ್ಳುತ್ತಿರುವ ಹುಡುಗರು ಒಂದು ಕಡೆ. ಸಕ್ಕರೆ ಕಾಯಿಲೆ ಬಂದಿದೆ, ದಿನಾ ನಡೆಯಿರಿ ಎಂದು ವೈದ್ಯರಿಂದ ಹೇಳಿಸಿಕೊಂಡ ಹಿರಿಯರು ಇನ್ನೊಂದು ಕಡೆ. ಇವರಿಬ್ಬರಿಗೂ ಸುಲಭವಾಗಿ ಸಿಗುವ ಎರಡು ಮಾತ್ರೆಗಳ ಬಗ್ಗೆ, ಅವು ರೂಢಿಯಾಗಿ ಬೇರೂರುವ ಮೊದಲೇ ಎಚ್ಚರಿಸಬೇಕಾಗಿದೆ. ಒಂದು, ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಚೀಪುವ ವಿಟಮಿನ್ ಸಿ ಮಾತ್ರೆ. ಇನ್ನೊಂದು, ಚರ್ಮಕ್ಕೆ, ಕೂದಲಿಗೆ, ಸುಸ್ತಿಗೆ ಎಂದು ಕೇಳಿ ಪಡೆಯುವ ವಿಟಮಿನ್ ಇ ಕ್ಯಾಪ್ಸೂಲ್.

ಮೊದಲು ಪ್ರಮಾಣ ನೋಡೋಣ. ವಯಸ್ಕ ಗಂಡಸಿಗೆ ದಿನಕ್ಕೆ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಅಂಗಡಿಯ ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 500 ಮಿಲಿಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು ತಿಂದರೆ 1,000 ಆಯಿತು. ವಿಟಮಿನ್ ಇ ದಿನಕ್ಕೆ ಬೇಕಾಗುವುದು ಹತ್ತು ಹದಿನೈದು ಮಿಲಿಗ್ರಾಂ ಮಾತ್ರ; ಕ್ಯಾಪ್ಸೂಲಿನ ಮೇಲೆ ಬರೆದಿರುವುದು 400. ವಿಜ್ಞಾನಿಗಳು ಪರೀಕ್ಷಿಸಿ ಆತಂಕಪಟ್ಟಿರುವುದು ಹೆಚ್ಚುಕಡಿಮೆ ಇದೇ ಪ್ರಮಾಣವನ್ನು.

ಜರ್ಮನಿಯ ಮೈಕೆಲ್ ರಿಸ್ಟೊ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಮುಖ್ಯವಾದದ್ದು. ಸುಮಾರು 40 ಆರೋಗ್ಯವಂತ ಯುವಕರಿಗೆ ನಾಲ್ಕು ವಾರ, ವಾರಕ್ಕೆ ಐದು ದಿನ ಕಠಿಣ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಜನಕ್ಕೆ ದಿನಾ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ವ್ಯಾಯಾಮದಿಂದ ಇನ್ಸುಲಿನ್‌ಗೆ ಮೈ ಚೆನ್ನಾಗಿ ಸ್ಪಂದಿಸಬೇಕು. ರಕ್ತದ ಸಕ್ಕರೆ ಇಳಿಯುವುದು ಅದರಿಂದಲೇ. ಮಾತ್ರೆ ತೆಗೆದುಕೊಳ್ಳದವರಲ್ಲಿ ಈ ಸುಧಾರಣೆ ಕಂಡಿತು. ತೆಗೆದುಕೊಂಡವರು ಅಷ್ಟೇ ಬೆವರು ಸುರಿಸಿದ್ದರೂ ಅವರಲ್ಲಿ ಕಾಣಲಿಲ್ಲ.

ಇದಕ್ಕೆ ಕಾರಣವೂ ಸ್ನಾಯುವಿನೊಳಗೆ ಸಿಕ್ಕಿತು. ಓಡುವಾಗ ಸ್ನಾಯುಗಳಲ್ಲಿ ಫ್ರೀ ರ್‍ಯಾಡಿಕಲ್‌ಗಳು ಹೆಚ್ಚುತ್ತವೆ. ಅತಿಯಾದರೆ ಅವು ಹಾನಿಕರ, ನಿಜ. ಆದರೆ ಹಿತಮಿತವಾಗಿದ್ದಾಗ, ಕೆಲಸ ಜಾಸ್ತಿಯಾಗಿದೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನು ಹೆಚ್ಚಿಸು, ನಿನ್ನ ರಕ್ಷಣೆಯನ್ನು ನೀನೇ ಗಟ್ಟಿ ಮಾಡಿಕೊ ಎಂದು ಜೀವಕೋಶಕ್ಕೆ ಸುದ್ದಿ ಮುಟ್ಟಿಸುವುದೂ ಅವೇ. ಆ್ಯಂಟಿಆಕ್ಸಿಡೆಂಟ್ ಮಾತ್ರೆಯನ್ನು ಮಿತಿಮೀರಿ ನುಂಗುವುದು ಡಂಗುರ ಸಾರುವವನ ಕೈ ಹಿಡಿದಂತೆ. ಸುದ್ದಿ ಹೊರಡುವುದೇ ಇಲ್ಲ, ಸ್ನಾಯು ತಾನು ಮಾಡಬೇಕಾದ ಸಿದ್ಧತೆಯನ್ನು ಪೂರ್ತಿ ಮಾಡುವುದಿಲ್ಲ.

2014ರಲ್ಲಿ ನಾರ್ವೆಯ ಇನ್ನೊಂದು ತಂಡ 54 ಯುವಕ ಯುವತಿಯರನ್ನು 11 ವಾರ ತರಬೇತಿಗೊಳಿಸಿ ಇದನ್ನೇ ನೋಡಿತು. ಮೈಟೊಕಾಂಡ್ರಿಯ ಹೆಚ್ಚುತ್ತಿರುವ ಗುರುತುಗಳು ಕಂಡದ್ದು ವಿಟಮಿನ್ ಪಡೆಯದವರ ಸ್ನಾಯುಗಳಲ್ಲಿ. ಆದರೆ ಓಟದ ಪರೀಕ್ಷೆಯಲ್ಲಿ ಎರಡು ಗುಂಪಿನವರ ಸುಧಾರಣೆಯೂ ಒಂದೇ ಸಮನಾಗಿತ್ತು. ನಮ್ಮ ಹುಡುಗರು ಈ ಮಾತನ್ನು ಎರಡೂ ಕಡೆಯಿಂದ ಓದಬೇಕು. ಮಾತ್ರೆ ನುಂಗಿದರೆ ಓಟದಲ್ಲಿ ಸೋಲುತ್ತೀರಿ ಎಂದು ಯಾರೂ ಹೆದರಿಸಲಾಗದು. ಹಾಗೆಯೇ, ನನ್ನ ಟೈಮಿಂಗ್ ಸರಿಯಾಗಿಯೇ ಇದೆ, ಮಾತ್ರೆಯಿಂದ ಏನೂ ಆಗಿಲ್ಲ ಎಂದು ಸ್ಟಾಪ್‌ವಾಚ್ ನೋಡಿ ಹೇಳುವುದಕ್ಕೂ ಆಗದು. ಒಳಗಿನ ನಷ್ಟಕ್ಕೆ ನೋವಿಲ್ಲ, ಜ್ವರವಿಲ್ಲ, ಹೊರಗೆ ಕಾಣುವ ಲಕ್ಷಣವಿಲ್ಲ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಇವೇ ವಿಟಮಿನ್‌ಗಳನ್ನು ಕೊಟ್ಟರೂ ತರಬೇತಿಯ ಫಲ ಕುಗ್ಗಲಿಲ್ಲ ಎಂದು 2010ರ ಆಸುಪಾಸಿನ ಕೆಲವು ಪ್ರಯೋಗಗಳು ಹೇಳಿವೆ. ಪರೀಕ್ಷೆಗೊಳಗಾದ ಗುಂಪುಗಳೂ ಚಿಕ್ಕವು. ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿ: ಚೆನ್ನಾಗಿ ಉಂಡು ವ್ಯಾಯಾಮ ಮಾಡುವವರಿಗೆ ಈ ದೊಡ್ಡ ಪ್ರಮಾಣದಿಂದ ತರಬೇತಿಯ ಫಲ ಹೆಚ್ಚಿತೇ? ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಸಿಗುವ ಲಾಭ ಸೊನ್ನೆ, ಹೋಗಬಹುದಾದದ್ದು ನಡಿಗೆಯ ಫಲವೇ ಆಗಿರುವಾಗ, ಸಕ್ಕರೆ ಇಳಿಸಲೆಂದು ನಡೆಯುವ ಹಿರಿಯರು ದುಡ್ಡು ಕೊಟ್ಟು ಈ ಅನುಮಾನವನ್ನು ಯಾಕೆ ಕೊಳ್ಳಬೇಕು?

ವರ್ಷಗಟ್ಟಲೆ ನುಂಗಿದರೆ ಮಾತು ಇನ್ನೂ ಗಂಭೀರ. ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಎಂಬ ಪ್ರಯೋಗ, ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಬಹುದೇ ಎಂದು ನೋಡಹೊರಟಿತ್ತು. ದಿನಾ 400 ಯೂನಿಟ್ ಪಡೆದವರಲ್ಲಿ ಆ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿತ್ತೆಂದು 2011ರಲ್ಲಿ ತಿಳಿಯಿತು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳಿಗೆ ವಿಟಮಿನ್ ಇ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಒಸಡಿನಿಂದ ರಕ್ತ ಬಂದರೆ, ಚಿಕ್ಕ ಪೆಟ್ಟಿಗೇ ಮೈ ಕಪ್ಪುಗಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ವಿಟಮಿನ್ ಸಿ ಹೆಚ್ಚಾದರೆ ಅದರ ಒಂದು ಭಾಗ ಆಕ್ಸಲೇಟ್ ಆಗಿ ಮೂತ್ರಕ್ಕೆ ಬರುತ್ತದೆ. ಅದರ ಮಾತ್ರೆ ಸೇವಿಸುತ್ತಿದ್ದ ಸ್ವೀಡನ್ನಿನ ಗಂಡಸರಲ್ಲಿ ಮೂತ್ರಪಿಂಡದ ಕಲ್ಲು ಸುಮಾರು ಎರಡು ಪಟ್ಟು ಕಂಡಿತು. ಬಿಸಿಲಲ್ಲಿ ಹೊಗೆಸೊಪ್ಪು ಮುರಿಯುತ್ತಾ ನೀರು ಕುಡಿಯುವುದನ್ನೇ ಮರೆಯುವ ನಮ್ಮ ರೈತ, ಕೂಲಿಕಾರರಿಗೆ ಕಲ್ಲಿನ ಭಯ ಮೊದಲೇ ಇದೆ.

ಎಚ್.ಡಿ. ಕೋಟೆಗೆ, ಹುಣಸೂರಿನ ಕಾಡಂಚಿನ ಹಾಡಿಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಲೇಬೇಕು. ಇಲ್ಲಿನ ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಈ ರೋಗಿಗಳಿಗೆ ಆ್ಯಂಟಿಆಕ್ಸಿಡೆಂಟ್ ಒಳ್ಳೆಯದು ಮಾಡೀತೆಂದು ಬ್ರೆಜಿಲ್ಲಿನ ವೈದ್ಯರು ವಿಟಮಿನ್ ಸಿ, ಇ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ಆರು ತಿಂಗಳು ಕೊಟ್ಟು ನೋಡಿದರು. 2013ರಲ್ಲಿ ಬಂದ ಫಲಿತಾಂಶ ಉಲ್ಟಾ ಆಗಿತ್ತು: ಕೆಂಪು ರಕ್ತಕಣ ಒಡೆಯುವ ಗುರುತುಗಳು ಹೆಚ್ಚಿದ್ದವು. ಸುಸ್ತು ಎಂದು ಬಂದ ಹಾಡಿಯ ಯುವಕನಿಗೆ ಈ ಮಾತ್ರೆಗಳ ಪಟ್ಟಿ ಕೊಟ್ಟು ಕಳಿಸುವ ಮೊದಲು ಸಿಕಲ್ ಸೆಲ್ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. ಮಾತ್ರೆ ಶುರುಮಾಡಿದ ಮೇಲೆ ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಈ ಎಚ್ಚರಿಕೆ ಹಣ್ಣು ತರಕಾರಿಗಲ್ಲ. ನೂರು ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇದೆ. ನೆಲ್ಲಿಕಾಯಿ, ನುಗ್ಗೆಸೊಪ್ಪು, ನಿಂಬೆ ನಮ್ಮ ಹಿತ್ತಲಲ್ಲೇ ಇವೆ. ಕಡಲೆಕಾಯಿ, ಎಣ್ಣೆಕಾಳುಗಳಲ್ಲಿ ವಿಟಮಿನ್ ಇ ಇದೆ. ಕೊರತೆಗೋ ಕೊಬ್ಬಿನ ಲಿವರ್‌ಗೋ ವೈದ್ಯರೇ ಬರೆದುಕೊಟ್ಟ ಮಾತ್ರೆಯನ್ನು ಈ ಬರಹ ಓದಿ ಬಿಡಬಾರದು, ಅವರನ್ನೇ ಕೇಳಿ.

ಉಳಿದವರು ಇವತ್ತೇ ಮನೆಯಲ್ಲಿರುವ ಮಾತ್ರೆ, ಪುಡಿ, ಟಾನಿಕ್‌ಗಳ ಚೀಟಿ ಓದಿ ವಿಟಮಿನ್ ಸಿ, ಇ ಎಷ್ಟೆಷ್ಟು ಎಂದು ಕೂಡಿಸಿ ನೋಡಲಿ. ಜಿಮ್ ಮತ್ತು ಕೋಚಿಂಗ್ ನಡೆಸುವವರು ತಮ್ಮ ಹುಡುಗರಿಗೆ ಇವನ್ನು ಹೇಳಿಕೊಡುವುದನ್ನು ನಿಲ್ಲಿಸಲಿ. ಔಷಧಿ ಅಂಗಡಿಯವರು ಚೀಟಿಯಿಲ್ಲದೆ ತಿಂಗಳುಗಟ್ಟಲೆ ಕೊಳ್ಳುವವರನ್ನು ಯಾಕೆ ಎಂದು ಕೇಳಲಿ. ತಾಲ್ಲೂಕು ಆರೋಗ್ಯಾಧಿಕಾರಿಗಳು ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರಗಳಲ್ಲಿ, ನಡೆಯುತ್ತಿದ್ದೀರಾ ಎಂಬ ಪ್ರಶ್ನೆಯ ಜೊತೆಗೆ ಯಾವ ವಿಟಮಿನ್ ನುಂಗುತ್ತಿದ್ದೀರಿ ಎಂಬುದನ್ನೂ ಸೇರಿಸಲಿ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನವೂ ಬೇಡ. ಹಳ್ಳಿಯ ಜನ ಕಷ್ಟಪಟ್ಟು ಮಾಡುವ ವ್ಯಾಯಾಮದ ಫಲ ಅವರಿಗೇ ದಕ್ಕುವಂತೆ ನೋಡಿಕೊಂಡರೆ ಸಾಕು.